ಸಾಕ್ಷಿ ಸಹಿ ಆಮೇಲೆ ಬೇಡ

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಬಂತು. ಮನೆ ವಿಷಯ, ನಿನ್ನ ಅಪ್ಪ, ನನ್ನ ಅಣ್ಣನ ಆರೋಗ್ಯದ ವಿಷಯ ಎಲ್ಲ ಓದಿದೆ. ಆದರೆ ಕೊನೆಯಲ್ಲಿ ನೀನು ಬರೆದ ಒಂದು ಸಾಲು ನನ್ನನ್ನು ಮಲಗಲು ಬಿಡಲಿಲ್ಲ. "ಅಪ್ಪ ಸ್ವಂತ ಕೈಯಲ್ಲೇ ವಿಲ್ ಬರೆದು ಸಹಿ ಹಾಕಿದ್ದಾರೆ, ಸಾಕ್ಷಿಗಳ ಸಹಿ ಆಮೇಲೆ ಹಾಕಿಸಿದರಾಯ್ತು." ಆ "ಆಮೇಲೆ" ಅನ್ನುವ ಮಾತನ್ನು ನಾನೂ ಒಮ್ಮೆ ಆಡಿದ್ದೆ.

ನಮ್ಮ ಸೋದರಮಾವನ ಮನೆ ಮಾರಿಹೋದದ್ದು, ಅವರ ಮಗಳು, ನಮ್ಮ ಅಕ್ಕ, ಬಾಡಿಗೆ ಮನೆಗೆ ಹೋದದ್ದು ನಿನಗೆ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಮಾವ ಬರೆದ ವಿಲ್‌ನ ಎರಡನೇ ಸಾಕ್ಷಿ ನಾನು.

ಮಾವ ಎರಡು ಹಾಳೆ ಬರೆದಿದ್ದರು. ನೀಲಿ ಶಾಯಿ, ಒಂದೂ ಚಿತ್ತು ಇಲ್ಲ. ನಾನು ಹೋದಾಗ ಪಕ್ಕದ ಮನೆಯವರು ಅಲ್ಲೇ ಕೂತಿದ್ದರು. ನಮ್ಮಿಬ್ಬರ ಎದುರೇ ಮಾವ ಎರಡೂ ಹಾಳೆಗೆ ಸಹಿ ಹಾಕಿದರು. ಪಕ್ಕದ ಮನೆಯವರು ತಮ್ಮ ಸಹಿ ಹಾಕಿ ಪೆನ್ನು ನನ್ನ ಕಡೆ ಚಾಚಿದರು. ನನ್ನ ಕೈಯಲ್ಲಿ ಸ್ಕೂಟರಿನ ಬೀಗದಕೈ ಇತ್ತು. "ಭಾನುವಾರ ಬರ್ತೀನಲ್ಲ ಮಾವ, ನಿಧಾನಕ್ಕೆ ಓದಿ ಹಾಕ್ತೀನಿ" ಅಂದೆ. ಗುರುವಾರ ಅವರು ತೀರಿಕೊಂಡರು.

ಆಮೇಲೆ ಮನೆಯಲ್ಲಿ ಒಬ್ಬರು, "ಅವರದೇ ಕೈಬರಹ, ನೀನೇ ನೋಡಿದ್ದೀಯ, ಸಹಿ ಹಾಕಿದರೆ ತಪ್ಪೇನು" ಅಂದರು. ಅಕ್ಕನಿಗೆ ಒಳ್ಳೆಯದಾಗಲಿ ಅಂತ ಹಾಕಿದೆ. ಹಳೆಯ ತಾರೀಖನ್ನೇ ಬರೆದೆ. ಅದು ತಪ್ಪು ಪುಟ್ಟಿ, ದೊಡ್ಡ ತಪ್ಪು.

ಕೋರ್ಟಿನಲ್ಲಿ ಎದುರು ವಕೀಲರು ಜಾಸ್ತಿ ಏನೂ ಕೇಳಲಿಲ್ಲ. "ಅವರು ಸಹಿ ಹಾಕಿದ್ದನ್ನು ನೋಡಿದಿರಾ?" ನೋಡಿದೆ ಅಂದೆ. "ನೀವು ಸಹಿ ಹಾಕುವಾಗ ಅವರು ಎಲ್ಲಿ ಕೂತಿದ್ದರು?" ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಷ್ಟಕ್ಕೇ ಮುಗಿಯಿತು. ವಿಲ್ ಬಿದ್ದುಹೋಯಿತು. ವಿಲ್ ಇಲ್ಲದಿದ್ದರೆ ಹೇಗೋ ಹಾಗೆ, ನಾಲ್ಕು ಮಕ್ಕಳಿಗೂ ಕಾಲು ಕಾಲು ಪಾಲು. ಮಾವನನ್ನು ಹನ್ನೊಂದು ವರ್ಷ ನೋಡಿಕೊಂಡ ಅಕ್ಕನಿಗೂ ಅಷ್ಟೇ.

ಕಾನೂನು ಏನು ಹೇಳುತ್ತದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ. ವಿಲ್ ಮಾಡುವವರು ಸಹಿ ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಆ ಸಹಿ ಬೀಳುವುದನ್ನು ಸಾಕ್ಷಿ ಕಣ್ಣಾರೆ ನೋಡಿರಬೇಕು, ಇಲ್ಲವೇ "ಇದು ನನ್ನದೇ ಸಹಿ" ಅಂತ ಅವರ ಬಾಯಿಂದಲೇ ಕೇಳಿರಬೇಕು. ಅದಾದ ಮೇಲೆ ಪ್ರತಿಯೊಬ್ಬ ಸಾಕ್ಷಿಯೂ ಅವರ ಎದುರೇ ತನ್ನ ಸಹಿ ಹಾಕಬೇಕು. ನಾನು ಮೊದಲರ್ಧ ಮಾಡಿದ್ದೆ, ಎರಡನೆಯದು ಮಾಡಲಿಲ್ಲ. ಸ್ವಂತ ಕೈಬರಹ ಇದ್ದರೆ ಜಡ್ಜ್‌ಗೆ ನಂಬಿಕೆ ಜಾಸ್ತಿ ಬರಬಹುದು, ನಿಜ. ಆದರೆ ಅದು ಸಾಕ್ಷಿಗಳ ಜಾಗ ತುಂಬುವುದಿಲ್ಲ. ನೀನು ಅದನ್ನೇ ನಂಬಿಕೊಂಡಿದ್ದೀಯ ಅನ್ನಿಸಿ ಭಯವಾಯಿತು.

ನೀನು ಛಾಪಾ ಕಾಗದದ ಬಗ್ಗೆ ಕೇಳಿದ್ದೆ. ಬೇಡ, ಬಿಳಿ ಹಾಳೆ ಸಾಕು. ವಕೀಲರೇ ಬರೆಯಬೇಕು ಅಂತಲೂ ಇಲ್ಲ. ನೋಂದಣಿಯೂ ಕಡ್ಡಾಯವಲ್ಲ. ಮಾಡಿಸಿದರೆ ಒಳ್ಳೆಯದು, ಕಾಗದ ಕಳೆದುಹೋಗುವ ಭಯ ಇರುವುದಿಲ್ಲ. ಆದರೆ ನೋಂದಣಿಯಾದ ವಿಲ್‌ಗೂ ಸಾಕ್ಷಿಗಳನ್ನು ಕೇಳುತ್ತಾರೆ. ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬಂದೆ ನೋಡು.

ಅಣ್ಣ ಆಗಲೇ ಸಹಿ ಹಾಕಿಬಿಟ್ಟಿದ್ದಾರಲ್ಲ, ಅದರಿಂದ ಕೆಟ್ಟದ್ದೇನೂ ಆಗಿಲ್ಲ. ಇಬ್ಬರನ್ನು ಕರೆದು, ಕಾಗದ ಮುಂದಿಟ್ಟು, "ಇದು ನನ್ನ ವಿಲ್, ಇದು ನನ್ನ ಸಹಿ" ಅಂತ ಹೇಳಿ ಅಲ್ಲೇ ಅವರ ಸಹಿ ಹಾಕಿಸಿದರೆ ನಡೆಯುತ್ತದೆ. ಆದರೂ ನನ್ನ ಮನಸ್ಸಿಗೆ ಸಮಾಧಾನವಾಗಬೇಕಾದರೆ, ಅವರ ಎದುರು ಅಣ್ಣ ಇನ್ನೊಂದು ಸಲ ಸಹಿ ಹಾಕಿ ಅವತ್ತಿನ ತಾರೀಖು ಬರೆಯಲಿ. ಕೆಳಗೆ ಒಂದು ಸಾಲು ಇರಲಿ: "ಇವರು ನಮ್ಮಿಬ್ಬರ ಎದುರು ಸಹಿ ಹಾಕಿದರು, ಇವರ ಎದುರು ನಾವಿಬ್ಬರೂ ಸಹಿ ಹಾಕಿದೆವು." ಸಾಕ್ಷಿಗಳ ಪೂರ್ತಿ ಹೆಸರು, ವಿಳಾಸವೂ ಇರಲಿ. ಇಬ್ಬರೂ ಒಟ್ಟಿಗೇ ಇರಬೇಕೆಂದು ಕಾನೂನು ಹೇಳುವುದಿಲ್ಲ, ಆದರೆ ಇದ್ದರೆ ನಾಳೆ ಇಬ್ಬರ ಮಾತೂ ಒಂದೇ ಆಗುತ್ತದೆ.

ಯಾರನ್ನು ಕರೆಯುವುದು ಅಂತ ಕೇಳುತ್ತೀಯ. ಅಣ್ಣನಿಗಿಂತ ಚಿಕ್ಕ ವಯಸ್ಸಿನವರು, ಪತ್ತೆ ಹಚ್ಚಲು ಸಿಗುವವರು. ಮುಂದೆ ತಕರಾರು ಬಂದರೆ ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ನನಗೆ ಎಪ್ಪತ್ತನಾಲ್ಕು, ನನ್ನನ್ನು ಬಿಡು. ಮನೆ ಸಿಗುವುದು ನಿನಗೆ, ಹಾಗಾಗಿ ನೀನೂ ಬೇಡ, ಅಳಿಯಂದಿರೂ ಬೇಡ. ಇದನ್ನು ಹೇಗೆ ಹೇಳುವುದೋ ತಿಳಿಯುತ್ತಿಲ್ಲ, ತಪ್ಪು ತಿಳಿಯಬೇಡ. ಆ ಹೊತ್ತಿಗೆ ನೀನು ಆ ಕೋಣೆಯಲ್ಲೂ ಇರಬೇಡ. ಲಾಭ ಪಡೆಯುವವರೇ ಮುಂದೆ ನಿಂತು ವಿಲ್ ಮಾಡಿಸಿದ್ದರೆ, ಆ ಅನುಮಾನ ಕಳೆಯುವ ಹೊರೆ ವಿಲ್ ಮುಂದಿಡುವವರ ಮೇಲೇ ಬೀಳುತ್ತದೆ. ಸುಪ್ರೀಂ ಕೋರ್ಟ್ 1958ರಲ್ಲೇ ಹಾಗೆ ಹೇಳಿದೆ, ಅದೂ ನಮ್ಮ ಮೈಸೂರು ಕಡೆಯ ಮೊಕದ್ದಮೆಯಲ್ಲಿ.

ಇನ್ನೊಂದು. "ಕೆಳಗಿನ ಮನೆ ಮಗಳಿಗೆ" ಅಂತ ಬರೆದಿದ್ದಾರೆ ಅಂದೆ. ಸಾಲದು. ಖಾತೆ ನಂಬರು, ಚೆಕ್ಕುಬಂದಿ ಬರೆಯಲಿ. ಮಾವನ ವಿಲ್‌ನಲ್ಲಿ ಮನೆ ಬಿಟ್ಟರೆ ಬ್ಯಾಂಕಿನ ದುಡ್ಡಿನ ಮಾತೇ ಇರಲಿಲ್ಲ. ಅದೊಂದು ಬೇರೆ ಜಗಳ. "ಇಲ್ಲಿ ಹೇಳದೆ ಉಳಿದದ್ದೆಲ್ಲ ಇಂಥವರಿಗೆ" ಅನ್ನುವ ಸಾಲು ಮರೆಯಬಾರದು. ತಾತನಿಂದ ಬಂದ ಜಮೀನಿನಲ್ಲಿ ಅಣ್ಣ ತನ್ನ ಪಾಲನ್ನು ಮಾತ್ರ ಬರೆಯಬಹುದು, ಇಡೀ ಜಮೀನು ಬರೆದಿದ್ದರೆ ಸರಿಮಾಡಿಸು. ಸಹಿಗಳೆಲ್ಲ ಬಿದ್ದ ಮೇಲೆ ಏನಾದರೂ ಹೊಡೆದುಹಾಕಬೇಕು, ಸೇರಿಸಬೇಕು ಅನ್ನಿಸಿದರೆ ಆ ತಿದ್ದುಪಡಿಗೂ ಅಣ್ಣನ ಸಹಿ, ಸಾಕ್ಷಿಗಳ ಸಹಿ ಎರಡೂ ಬೇಕು. ಇಲ್ಲದಿದ್ದರೆ ಆ ತಿದ್ದುಪಡಿ ಲೆಕ್ಕಕ್ಕಿಲ್ಲ. ಅದಕ್ಕಿಂತ "ಹಿಂದಿನ ವಿಲ್ ರದ್ದು" ಅಂತ ಬರೆದು ಹೊಸದನ್ನೇ ಮಾಡುವುದು ಸುಲಭ.

ಇದೆಲ್ಲ ಬರೆಯುವಾಗಲೂ ಮಾವ ಪೆನ್ನಿನ ಕ್ಯಾಪು ಮುಚ್ಚಿ "ಆಗಲಿ, ಭಾನುವಾರ ಬಾ" ಅಂದದ್ದೇ ಕಣ್ಣ ಮುಂದೆ ಬರುತ್ತದೆ. ಅಕ್ಕ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಅದೇ ಕಷ್ಟ.

ಅಣ್ಣನ ಹತ್ತಿರ ಈ ಮಾತು ಎತ್ತಲು ನಿನಗೆ ಸಂಕೋಚ ಅಂದರೆ ಈ ಕಾಗದವನ್ನೇ ಅವನ ಕೈಗೆ ಕೊಡು. ನಾನು ಹಾಕಿದ ಸಹಿಯ ಕಥೆ ಅವನಿಗೂ ಪೂರ್ತಿ ಗೊತ್ತಿಲ್ಲ. ಸಾಕ್ಷಿಗಳು ಬರುವ ದಿನ ಗೊತ್ತಾದರೆ ತಿಳಿಸು, ಇಬ್ಬರ ಸಹಿಯೂ ಬಿದ್ದ ಮೇಲೆ ಒಂದು ಫೋನ್ ಮಾಡು. ಎಷ್ಟು ಹೊತ್ತಾದರೂ ಸರಿ, ಎದ್ದಿರುತ್ತೇನೆ.

ನಿನ್ನ ಚಿಕ್ಕಪ್ಪ