ಶಿವುಗೆ, ದಸರಾ ಮುಗಿದ ಮೇಲೆ

ಶಿವು,

ನಿನ್ನ ಮೆಸೇಜು ಓದಿದೆ. ಆರ್ಡರ್ ನಿಂತೇಹೋಯ್ತು, ಗೋಡೌನ್ ರೂಮು ಬಿಟ್ಟುಬಿಡಲಾ, ಉಳಿದ ಗೊಂಬೆಗಳನ್ನು ಅರ್ಧ ಬೆಲೆಗೆ ಹಾಕಲಾ ಅಂತ ಕೇಳಿದ್ದೀಯ. ಎರಡೂ ಬೇಡ. ಫೋನಿನಲ್ಲಿ ಲೆಕ್ಕ ತಲೆಗೆ ಹತ್ತಲ್ಲ, ಅದಕ್ಕೇ ಬರೀತಿದ್ದೀನಿ. ಮಂಡ್ಯ–ಮೈಸೂರು ಕಡೆ ನಮ್ಮ ಥರ ಹಬ್ಬ ನಂಬಿಕೊಂಡು ಆನ್‌ಲೈನ್ ಅಂಗಡಿ ಇಟ್ಟವರು ಬೇರೆಯವರೂ ಇದ್ದಾರಲ್ಲ, ಅವರಿಗೂ ಆಗಲಿ ಅಂತ ಎಲ್ಲರಿಗೂ ಕಾಣುವ ಹಾಗೇ ಹಾಕಿದ್ದೀನಿ.

ಮೊದಲು ದುಡ್ಡಿನ ಮಾತು. ಈ ದಸರಾಕ್ಕೆ ನಾಲ್ಕು ಲಕ್ಷದ ವ್ಯಾಪಾರ ಆಯ್ತು ಅಂದೆ. ಅದರಲ್ಲಿ ಕೊರಿಯರ್ರು, ಡಬ್ಬ, ಜಾಹೀರಾತು, ಕಮಿಷನ್ನು ಎಲ್ಲಾ ಸೇರಿ ಒಂದು ಲಕ್ಷ ಹೋಯಿತು. ಉಳಿದದ್ದು ಮೂರು ಲಕ್ಷ. ಆ ಮೂರರಲ್ಲಿ 1,80,000 ಮಾಲಿನ ಅಸಲು. ಅದು ಲಾಭ ಅಲ್ಲ, ಮುಂದಿನ ಸಲದ ಗೊಂಬೆ. ಇನ್ನು ರೂಮಿನ ಬಾಡಿಗೆ, ಕರೆಂಟು, ಇಂಟರ್ನೆಟ್ಟು, ವೆಬ್‌ಸೈಟು, ಜಿಎಸ್‌ಟಿ ರಿಟರ್ನ್ ಹಾಕುವವರ ಫೀಸು ಎಲ್ಲ ಸೇರಿ ತಿಂಗಳಿಗೆ 6,500 ಅಂತ ನೀನೇ ಪಟ್ಟಿ ಕಳಿಸಿದ್ದೀಯ. ವ್ಯಾಪಾರ ಇರಲಿ ಬಿಡಲಿ, ಅದು ಹೋಗೋದೇ. ಹನ್ನೆರಡು ತಿಂಗಳಿಗೆ 78,000. ಹಾಗಾದರೆ ಕೈಯಲ್ಲಿ ನಿಲ್ಲೋದು 42,000. ನೀನು ಬ್ಯಾಂಕಿನಲ್ಲಿ ಮೂರು ಲಕ್ಷ ನೋಡಿ ದೀಪಾವಳಿಗೆ ಬೈಕ್ ಬದಲಾಯಿಸಿದೆ. ಬೈಯ್ಯೋದಿಲ್ಲ ಬಿಡು, ಗಾಡಿ ಚೆನ್ನಾಗಿದೆ.

ಆ 42,000 ಕೂಡ ಪೂರ್ತಿ ಸಿಗಲ್ಲ. ಪಂಚಾಂಗ ತೆಗೆದು ನೋಡು. ಈ ವರ್ಷ, ಅಂದರೆ 2025ರಲ್ಲಿ, ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂತು. 2026ರಲ್ಲಿ ನವರಾತ್ರಿ ಶುರುವಾಗೋದೇ ಅಕ್ಟೋಬರ್ 11ಕ್ಕೆ. ನಡುವೆ ಅಧಿಕ ಜ್ಯೇಷ್ಠ ಬರುತ್ತಲ್ಲ, ಅದು ಆಮೇಲಿನ ಹಬ್ಬಗಳನ್ನೆಲ್ಲ ಮುಂದಕ್ಕೆ ತಳ್ಳುತ್ತೆ. ಈ ದಸರಾದಿಂದ ಮುಂದಿನ ದಸರಾ ಮುಗಿಯೋವರೆಗೆ ಹನ್ನೆರಡೂವರೆ ತಿಂಗಳು, ದುಡ್ಡು ಕೈಗೆ ಬರೋ ಹೊತ್ತಿಗೆ ಹದಿಮೂರು. ಹಾಗಾಗಿ ಎತ್ತಿಡಬೇಕಾದ್ದು 84,500. ನಿನಗೆ ನಿಜವಾಗಿ ಉಳಿದದ್ದು 35,500. ಅಧಿಕ ಮಾಸ ಬಂದ ವರ್ಷ ನಮ್ಮಂಥವರಿಗೆ ಒಂದು ತಿಂಗಳ ಬಾಡಿಗೆ ಜಾಸ್ತಿ ಅಂತಲೇ ಹಿಡಿ.

ಈ ಹಿಂದೆಮುಂದೆ ಆಗೋದರಿಂದ ಇನ್ನೊಂದು ತೊಂದರೆ ಇದೆ, ಅದು ಬಾಡಿಗೆಗಿಂತ ದೊಡ್ಡದು. ಬರುವ ಸೆಪ್ಟೆಂಬರ್ ಮೊದಲ ವಾರ ನೀನು ಮೊಬೈಲ್ ತೆಗೆದು, ಹೋದ ಸೆಪ್ಟೆಂಬರ್‌ಗೆ ಹೋಲಿಸಿ ನೋಡ್ತೀಯ. ಅರ್ಧಕ್ಕರ್ಧ ಕಮ್ಮಿ ಇರುತ್ತೆ. ಗಾಬರಿಯಾಗಿ ಬೆಲೆ ಇಳಿಸ್ತೀಯ, ಜಾಹೀರಾತಿಗೆ ದುಡ್ಡು ಸುರೀತೀಯ. ಆದರೆ 2025ರಲ್ಲಿ ಗಣೇಶನ ಹಬ್ಬ ಆಗಸ್ಟ್ 27ಕ್ಕೆ ಇತ್ತು, 2026ರಲ್ಲಿ ಸೆಪ್ಟೆಂಬರ್ 14ಕ್ಕೆ. ಜನ ಇನ್ನೂ ಗೌರಿ ಬಾಗಿನದ ಯೋಚನೆಯಲ್ಲಿ ಇರ್ತಾರೆ, ಗೊಂಬೆ ಯಾರಿಗೆ ನೆನಪಾಗುತ್ತೆ? ಅದಕ್ಕೆ ತಾರೀಖಿಗೆ ತಾರೀಖು ಹೋಲಿಸಬೇಡ. ಮಹಾಲಯ ಅಮಾವಾಸ್ಯೆಯಿಂದ ಹಿಂದಕ್ಕೆ ಎಣಿಸು. ಅಮಾವಾಸ್ಯೆಗೆ ಐದು ವಾರ ಇದ್ದಾಗ ಎಷ್ಟು, ನಾಲ್ಕು ವಾರ ಇದ್ದಾಗ ಎಷ್ಟು ಅಂತ ಹಳೆಯ ಆರ್ಡರ್‌ಗಳನ್ನ ಈಗಲೇ ಒಂದು ಹಾಳೆಯಲ್ಲಿ ಬರೆದಿಡು. ಪಿತೃಪಕ್ಷದಲ್ಲಿ ಹೊಸ ವಸ್ತು ಕೊಳ್ಳದ ಮನೆಗಳು ನಮ್ಮ ಕಡೆ ಇನ್ನೂ ಇವೆ. ಅವರು ಗಣೇಶ ಆದ ಮೇಲೆ ಹುಣ್ಣಿಮೆಯೊಳಗೇ ತಗೊಂಡುಬಿಡ್ತಾರೆ. ಆಮೇಲೆ ಹದಿನೈದು ದಿನ ಮಂದವಾದರೆ ಅದು ನಿನ್ನ ಅಂಗಡಿಯ ತಪ್ಪಲ್ಲ. ಆದರೆ ಗಣೇಶನ ಹಬ್ಬದ ಹೊತ್ತಿಗೆ ಹೊಸ ಮಾಲಿನ ಫೋಟೋ ಹಾಕಿರದೇ ಇದ್ದರೆ ನಿನ್ನದೇ ತಪ್ಪು.

ಅರ್ಧ ಬೆಲೆಯ ವಿಷಯ. ಮಾಘ ಮಾಸದಲ್ಲಿ ದಶಾವತಾರದ ಸೆಟ್ಟನ್ನ ಅಗ್ಗ ಮಾಡಿದರೂ ತಗೊಳ್ಳೋರು ಯಾರು? ಒಂಬತ್ತು ತಿಂಗಳು ಅಟ್ಟದ ಮೇಲೆ ಇಡೋಕೆ ಯಾರೂ ಕೊಳ್ಳಲ್ಲ. ಆ ಬೆಲೆ ನೋಡಿದ ಹಳೆಯ ಗಿರಾಕಿ ಮಾತ್ರ ಮುಂದಿನ ದಸರಾದಲ್ಲೂ ಅದನ್ನೇ ಕೇಳ್ತಾನೆ. ಜಾಹೀರಾತು ಪೂರ್ತಿ ನಿಲ್ಲಿಸು, ಆದರೆ ಗೊಂಬೆಗಳ ಪುಟ ತೆಗೆಯಬೇಡ. ಮುಂದಿನ ಮಾಲು ಯಾವಾಗ ಬರುತ್ತೆ ಅಂತ ಬರೆದು, ತಿಳಿಸೋಕೆ ವಾಟ್ಸಾಪ್ ನಂಬರ್ ಕೇಳು.

ಹಾಗಾದರೆ ನಡುವೆ ಏನು ಮಾರೋದು? ಪಟ್ಟದ ಗೊಂಬೆ ಮಾರು. ಮದುವೆಯಲ್ಲಿ ಮಗಳಿಗೆ ತವರಿನವರು ಮರದ ರಾಜ-ರಾಣಿ ಜೋಡಿ ಕೊಡೋದು ನಮ್ಮಲ್ಲಿ ನಡೆದುಬಂದದ್ದು. ನೀನು ಅದನ್ನ ದಸರಾ ಸಾಮಾನು ಅಂತ ಮೂಲೆಗೆ ಇಟ್ಟಿದ್ದೀಯ, ಅದು ಮದುವೆ ಸಾಮಾನು ಕೂಡ. ಅದರ ಜೊತೆಗೆ ಗೊಂಬೆಗೆ ಉಡಿಸೋ ಸೀರೆ, ಪಂಚೆ, ಪೇಟದ ಜೋಡಿ ಹೊಲಿಸಿಡು. ಹಳೆಯ ಗೊಂಬೆ ಇರುವ ಮನೆಯವರೂ ಅದನ್ನ ಕೊಳ್ತಾರೆ, ತೂಕ ಇಲ್ಲ, ಒಡೆಯಲ್ಲ. ಇಲ್ಲೂ ಪಂಚಾಂಗ ನೋಡಲೇಬೇಕು. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಮಾಸ, ಮದುವೆ ಇರಲ್ಲ. ಮೇ ತಿಂಗಳೆಲ್ಲ ಲಗ್ನ ಅಂದುಕೊಂಡು ಜೋಡಿಗಳನ್ನ ತುಂಬಿಕೊಂಡರೆ ಕೂತುಬಿಡುತ್ತೆ. ಮೇ ನಡುವಿನೊಳಗೆ ಎಷ್ಟು ಹೋಗುತ್ತೋ ಅಷ್ಟೇ ತರಿಸು. ನಿಜ ಜ್ಯೇಷ್ಠದಲ್ಲಿ ಒಂದಿಷ್ಟು ಹೋದೀತು, ಆಮೇಲೆ ಆಷಾಢ. ಇದರಿಂದ ದೊಡ್ಡ ಲಾಭ ನಿರೀಕ್ಷೆ ಮಾಡಬೇಡ. ಆ 6,500ರಲ್ಲಿ ಅರ್ಧ ಹುಟ್ಟಿದರೂ ಎತ್ತಿಟ್ಟ ಗಂಟಿಗೆ ಕೈ ಹಾಕೋದು ಅಷ್ಟು ಕಮ್ಮಿಯಾಗುತ್ತೆ.

ಕೆಲಸ ಇಲ್ಲ ಅಂದೆಯಲ್ಲ, ಡಬ್ಬದ ಕೆಲಸ ಇದೆ. ಬಹುತೇಕ ಕೊರಿಯರ್‌ನವರು ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ. ಅದು ನಿಜವಾದ ತೂಕಕ್ಕಿಂತ ಜಾಸ್ತಿ ಬಂದರೆ ಅದಕ್ಕೇ ದುಡ್ಡು. ನೀನು ಪಟ್ಟದ ಗೊಂಬೆ ಹಾಕೋದು 40×30×30 ಡಬ್ಬದಲ್ಲಿ. ಲೆಕ್ಕ 7.2 ಕೆಜಿಗೆ ಬರುತ್ತೆ, ಒಳಗಿರೋ ಸಾಮಾನು ಮೂರು ಕೆಜಿನೂ ಇಲ್ಲ. 35×25×25 ಡಬ್ಬಕ್ಕೆ ಇಳಿಸಿದರೆ ನಾಲ್ಕೂವರೆ ಕೆಜಿಯೊಳಗೆ ಮುಗಿಯುತ್ತೆ. ಮರಕ್ಕೆ ಅಷ್ಟು ಬಿಗಿ ಪರವಾಗಿಲ್ಲ. ಮಣ್ಣಿನ ಗೊಂಬೆಗೆ ಮಾತ್ರ ಹಾಗೆ ಮಾಡಬೇಡ, ಸುತ್ತ ಎರಡು ಬೆರಳಾದರೂ ಜಾಗ ಇರಲೇಬೇಕು, ಒಡೆಯೋದು ಚಾಚಿದ ಕೈ ಮತ್ತು ಕಿರೀಟದ ತುದಿ. ಬಣ್ಣ ಹೋದ ಒಂದು ಗೊಂಬೆಯನ್ನ ಪ್ಯಾಕ್ ಮಾಡಿ, ಸೊಂಟದೆತ್ತರದಿಂದ ಆರೂ ಮಗ್ಗುಲಿಗೆ ಬೀಳಿಸಿ ನೋಡು. ಸೀಸನ್ ಹೊತ್ತಲ್ಲಿ ಇದಕ್ಕೆಲ್ಲ ಪುರುಸೊತ್ತು ಎಲ್ಲಿ? ಹಾಂ, ಉಳಿದ ಗೊಂಬೆಗಳನ್ನ ನೇರವಾಗಿ ಪೇಪರಿನಲ್ಲಿ ಸುತ್ತಿಡಬೇಡ, ಮಳೆಗಾಲದ ತೇವಕ್ಕೆ ಅಕ್ಷರ ಬಣ್ಣಕ್ಕೆ ಅಂಟುತ್ತೆ. ಮೊದಲು ಹಳೆಯ ಪಂಚೆ ಬಟ್ಟೆ, ಅದರ ಮೇಲೆ ಪೇಪರು.

ಜಿಎಸ್‌ಟಿ ರಿಟರ್ನನ್ನೂ ವ್ಯಾಪಾರ ಇಲ್ಲ ಅಂತ ಬಿಡಬೇಡ. ಸೊನ್ನೆ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿ ಬೀಳುತ್ತೆ.

ಆ 1,80,000ವನ್ನೂ ಒಟ್ಟಿಗೆ ಖಾಲಿ ಮಾಡಬೇಡ. ಮಣ್ಣಿನ ಗೊಂಬೆ ಬೇಸಿಗೆಯ ಕೆಲಸ, ಮಳೆ ಹಿಡಿದರೆ ಅಚ್ಚು ಒಣಗಲ್ಲ, ಬಣ್ಣವೂ ಬೇಗ ಒಣಗಲ್ಲ. ಕುಶಲಕರ್ಮಿಗಳಿಗೂ ಈಗ ಕೈ ಖಾಲಿ, ಫೆಬ್ರವರಿಯಲ್ಲಿ ಮೂರನೇ ಒಂದು ಪಾಲು ಮುಂಗಡ ಕೊಟ್ಟರೆ ನಮಗೆ ಬೇಕಾದ ಅಳತೆ, ಬೇಕಾದ ಬಣ್ಣದಲ್ಲಿ ಮಾಡಿಕೊಡ್ತಾರೆ. ಆಗಸ್ಟ್‌ನಲ್ಲಿ ಹೋದರೆ ದೊಡ್ಡ ವ್ಯಾಪಾರಿಗಳು ಬಿಟ್ಟದ್ದನ್ನ ಆರಿಸಿಕೊಳ್ಳಬೇಕು. ಸಂಕ್ರಾಂತಿ ಕಳೆದ ಮೇಲೆ ನಾನು ಗೊಂಬೆ ಮಾಡೋರಿರುವ ತಮಿಳುನಾಡಿನ ಪಣ್ರುಟಿ ಕಡೆ ಹೊರಟಿದ್ದೀನಿ. ಬರೋದಾದರೆ ಈಗಲೇ ಹೇಳು, ಗಾಡಿ ಬಾಡಿಗೆ ಅರ್ಧರ್ಧ. ಬರೋವಾಗ ವಾರವಾರದ ಆರ್ಡರ್ ಬರೆದಿಟ್ಟ ಆ ಹಾಳೆ ತಗೊಂಡು ಬಾ, ಯಾವ ಗೊಂಬೆ ಎಷ್ಟು ಹೇಳಬೇಕು ಅಂತ ದಾರಿಯಲ್ಲೇ ಕೂತು ಬರೆಯೋಣ.

ನಿನ್ನ,
ನಾಗೇಂದ್ರ
ಮೈಸೂರು