ಸ್ವಾಗತ ಭಾಷಣ ಬರೆಯುತ್ತಿರುವ ಕೂಸಿಗೆ

ಶಿರಸಿ

ಚಿರಂಜೀವಿ ಕೂಸಿಗೆ, ನಿನ್ನ ಅತ್ತೆಯ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಿಮ್ಮ ಮೆಡಿಕಲ್ ಕಾಲೇಜಿನ ಹೊಸ ಬ್ಯಾಚಿನ ಮಕ್ಕಳಿಗಾಗಿ ನೀನು ಬರೆದ ಸ್ವಾಗತ ಭಾಷಣದ ಕರಡನ್ನು ಎರಡು ಸಲ ಓದಿದೆ. ಹಾಸ್ಟೆಲ್ಲು, ಮೆಸ್ಸು, ಹಾಜರಾತಿಯ ಮಾತುಗಳೆಲ್ಲ ಸರಿಯಾಗಿವೆ. ಥಿಯರಿಗೆ ಶೇಕಡಾ 75, ಪ್ರಾಕ್ಟಿಕಲ್ಲಿಗೆ ಶೇಕಡಾ 80 ಹಾಜರಾತಿ ಬೇಕೆಂಬುದನ್ನು ಅಧ್ಯಾಪಕರೂ ಹೇಳಿಯೇ ಹೇಳುತ್ತಾರೆ, ತರಗತಿಯ ಪ್ರತಿನಿಧಿಯಾದ ನೀನು ಒಮ್ಮೆ ನೆನಪಿಸಿದರೆ ಸಾಕು. ಆದರೆ ಕರಡಿನ ಜೊತೆಗಿದ್ದ ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದು, ಮತ್ತೆ ಅದರ ಮೇಲೆ ಗೀಟು ಎಳೆದಿದ್ದೀಯಲ್ಲ, ಅದನ್ನು ಓದಿದಂದಿನಿಂದ ನನಗೆ ಸಮಾಧಾನವಿಲ್ಲ. "ಪುಸ್ತಕ ತೆರೆದಿದ್ದಾಗ ಎಲ್ಲ ಗೊತ್ತು ಅನ್ನಿಸುತ್ತದೆ, ಮುಚ್ಚಿದರೆ ಏನೂ ಉಳಿದಿರುವುದಿಲ್ಲ. ಹೀಗೆಯೇ ಪಾಸಾಗುತ್ತ ಹೋಗಿ ಹೀಗೆಯೇ ಡಾಕ್ಟರ್ ಆಗಿಬಿಟ್ಟರೆ ಏನು ಮಾಡಲಿ ಅತ್ತೆ?" ಎಂದು ಕೇಳಿದ್ದೀ. ಗೀಟಿನ ಅಡಿಯಲ್ಲಿಯೂ ಅಕ್ಷರಗಳು ಸ್ಪಷ್ಟವಾಗಿಯೇ ಕಾಣುತ್ತಿದ್ದವು.

ಹಾಗೇನೂ ಆಗುವುದಿಲ್ಲ ಎಂದು ಬರೆದು ಈ ಪತ್ರವನ್ನು ಮುಗಿಸಬಹುದಿತ್ತು. ಆದರೆ ಹಾಗೆ ಆಗುತ್ತದೆ, ನನಗೆ ಆಗಿತ್ತು. ಅದನ್ನು ನಿನ್ನ ಅಪ್ಪನಿಗೂ ನಾನು ಹೇಳಿದವಳಲ್ಲ.

ನಾನು ಮೊದಲ ವರ್ಷದಲ್ಲಿದ್ದಾಗ, ಶವವನ್ನು ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ ಒಂದು ಟೇಬಲ್ಲಿಗೆ ಹತ್ತು ಮಂದಿ ಇರುತ್ತಿದ್ದೆವು. ಚಾಕು, ಚಿಮಟ ಹಿಡಿಯುತ್ತಿದ್ದವರು ಇಬ್ಬರೋ ಮೂವರೋ. ನನ್ನ ಇಂಗ್ಲಿಷ್ ಉಚ್ಚಾರ ಚೆನ್ನಾಗಿದೆ ಎಂದು ಮ್ಯಾನುಯಲ್ ಓದಿ ಹೇಳುವ ಕೆಲಸವನ್ನು ನನಗೆ ಕೊಟ್ಟಿದ್ದರು, ನಾನೂ ಅದನ್ನು ಸಂತೋಷದಿಂದಲೇ ಒಪ್ಪಿಕೊಂಡಿದ್ದೆ. ಟೇಬಲ್ಲಿನ ತುದಿಯಲ್ಲಿ, ಫಾರ್ಮಲಿನ್ನಿನ ಉರಿ ಕಣ್ಣಿಗೆ ತಾಗದಷ್ಟು ದೂರದಲ್ಲಿ ನಿಂತು ಓದುತ್ತಿದ್ದೆ. ಪೃಷ್ಠಭಾಗದ ಡಿಸೆಕ್ಷನ್ ನಡೆದ ದಿನ ಗ್ಲೂಟಿಯಸ್ ಮ್ಯಾಕ್ಸಿಮಸ್ ಸ್ನಾಯುವನ್ನು ಮಗುಚಿ ಹಾಕಿದಾಗ, ಪಿರಿಫಾರ್ಮಿಸ್ ಸ್ನಾಯುವಿನ ಕೆಳಗಿನಿಂದ ಹೊರಬರುವ ಸಯಾಟಿಕ್ ನರವನ್ನು ಉಳಿದವರು ಕಂಡರು, ಮುಟ್ಟಿದರು. ದೇಹದಲ್ಲಿಯೇ ಅತಿ ದಪ್ಪನೆಯ ನರ ಅದು, ಹೆಚ್ಚುಕಡಿಮೆ ನಮ್ಮ ಹೆಬ್ಬೆರಳಿನಷ್ಟು ಅಗಲ. ನಾನು ಮಾತ್ರ ಅದರ ವರ್ಣನೆಯನ್ನು ಓದಿದೆ. ಬೇರುಗಳು ಯಾವುವು, ಎಲ್ಲಿ ಎರಡಾಗಿ ಒಡೆಯುತ್ತದೆ, ಯಾವ ಸ್ನಾಯುಗಳಿಗೆ ಹೋಗುತ್ತದೆ, ಎಲ್ಲವನ್ನೂ ಪರೀಕ್ಷೆಯಲ್ಲಿ ಒಂದೂವರೆ ಪುಟ ಬರೆದು ಒಳ್ಳೆಯ ಅಂಕವನ್ನೂ ಪಡೆದೆ. ಆ ಅಂಕ ನನಗೆ ಬಹಳ ಕೇಡು ಮಾಡಿತು.

ಇದಾಗಿ ಏಳೆಂಟು ವರ್ಷಗಳ ನಂತರ, ನಾನು ಈ ಕಡೆಯ ಒಂದು ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದಾಗ, ಮಳೆಗಾಲದ ಒಂದು ಸಂಜೆ ನಾಲ್ಕು ವರ್ಷದ ಹುಡುಗನೊಬ್ಬನನ್ನು ಅವನ ಆಯಿ ಜ್ವರವೆಂದು ಕಂಬಳಿಯಲ್ಲಿ ಸುತ್ತಿಕೊಂಡು ತಂದಳು. ಆಗೆಲ್ಲ ಮಕ್ಕಳಿಗೂ ಪೃಷ್ಠಕ್ಕೇ ಸೂಜಿ ಹಾಕುವ ರೂಢಿಯಿತ್ತು. ಮಗು ತೀರ ಬಡಕಲಾಗಿತ್ತು, ಕೊಸರಾಡುತ್ತಿತ್ತು, ಲಾಟೀನಿನ ಬೆಳಕು ಬೇರೆ. ಪೃಷ್ಠವನ್ನು ನಾಲ್ಕು ಪಾಲು ಮಾಡಿದರೆ ಹೊರಬದಿಯ ಮೇಲಿನ ಪಾಲಿಗೆ ಹಾಕಬೇಕಾದ ಸೂಜಿಯನ್ನು ನಾನು ಕೆಳಗೆ, ಒಳಬದಿಗೆ ಹಾಕಿದೆ. ಮಗು ಚೀರಿ ಕಾಲನ್ನು ಒಮ್ಮೆಲೇ ಸೆಳೆದುಕೊಂಡಿತು. ಸೂಜಿಗೆ ಮಕ್ಕಳು ಅಳುವ ಅಳು ಅದಲ್ಲವೆಂದು ನನಗೆ ಆ ಕ್ಷಣದಲ್ಲಿಯೇ ಅನ್ನಿಸಿತ್ತು.

ಎರಡನೆಯ ದಿನ ಅವಳು ಮತ್ತೆ ಬಂದಳು. ಜ್ವರ ಇಳಿದಿತ್ತು, ಆದರೆ ಹುಡುಗ ನಡೆಯುವಾಗ ಬಲಗಾಲನ್ನು ಮಂಡಿಯವರೆಗೆ ಎತ್ತಿ ಎತ್ತಿ ಇಡುತ್ತಿದ್ದ, ಇಡುವಾಗ ಪಾದ ಪಟ್ಟೆಂದು ನೆಲಕ್ಕೆ ಬೀಳುತ್ತಿತ್ತು. ಆ ಕಾಲದಲ್ಲಿ ಪೋಲಿಯೋ ಇತ್ತು. ಜ್ವರ ಬಂದ ಮಗುವಿನ ಕಾಲು ಸೋತರೆ ಎಲ್ಲರ ಬಾಯಲ್ಲಿಯೂ ಮೊದಲು ಅದೇ ಹೆಸರು. ನನಗೂ ಅದು ಪೋಲಿಯೋ ಆಗಿದ್ದರೆ ಎಂಬ ಆಸೆ ಹುಟ್ಟಿತು, ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಿಲ್ಲುತ್ತದೆ. ಪಾದವನ್ನು ಕೆಳಗೆ ಒತ್ತು ಎಂದರೆ ಒತ್ತುತ್ತಿದ್ದ, ಮೇಲಕ್ಕೆ ಎತ್ತು ಎಂದರೆ ಆಗುತ್ತಿರಲಿಲ್ಲ. ಕಡ್ಡಿಯ ತುದಿಯಿಂದ ಪಾದದ ಮೇಲ್ಭಾಗವನ್ನು ಮುಟ್ಟಿದರೆ ಅವನಿಗೆ ತಿಳಿಯುತ್ತಿರಲಿಲ್ಲ, ಇನ್ನೊಂದು ಪಾದಕ್ಕೆ ಮುಟ್ಟಿದಾಗ ನಕ್ಕ. ಪೋಲಿಯೋದಲ್ಲಿ ಸ್ನಾಯು ಸೋಲುತ್ತದೆ, ಸ್ಪರ್ಶ ಹೋಗುವುದಿಲ್ಲ. ಸಯಾಟಿಕ್ ನರದ ಹೊರಪಾಲಾದ, ಪಾದವನ್ನು ಮೇಲಕ್ಕೆ ಎತ್ತಿಸುವ ಕಾಮನ್ ಪೆರೋನಿಯಲ್ ನರಕ್ಕೇ ಸೂಜಿಯ ಪೆಟ್ಟು ಬಿದ್ದಿತ್ತು. ನಾನು ಬರೆದ ಆ ಒಂದೂವರೆ ಪುಟದಲ್ಲಿ ಇದೆಲ್ಲವೂ ಇತ್ತು ಕೂಸೇ, ಆದರೆ ಆ ಸಂಜೆ ಲಾಟೀನಿನ ಬೆಳಕಿನಲ್ಲಿ ನನ್ನ ಬೆರಳಿಗೆ ಅದು ಗೊತ್ತಿರಲಿಲ್ಲ.

ಅವಳಿಗೆ ನಾನು ಜ್ವರದ ನಿಶ್ಶಕ್ತಿ ಎಂದೆ. ಹತ್ತು ದಿನ ಬಿಟ್ಟು ಅವಳ ಮನೆಗೇ ಹೋಗಿ ನಿಜ ಹೇಳಿದೆ. ಪಾದ ಇಳಿಬೀಳದಂತೆ ನೇರವಾಗಿ ಹಿಡಿದಿಡುವ ಪಟ್ಟಿ ಮಾಡಿಸಿ, ದಿನಕ್ಕೆ ಮೂರು ಹೊತ್ತು ಪಾದವನ್ನು ಕೈಯಿಂದ ಎತ್ತಿ ಇಳಿಸುವುದನ್ನು ಕಲಿಸಿದೆ. ಸುಮಾರು ಹತ್ತು ತಿಂಗಳಲ್ಲಿ ಬಹುಪಾಲು ಶಕ್ತಿ ಮರಳಿತು. ನರ ತುಂಡಾಗಿರಲಿಲ್ಲ, ಪೆಟ್ಟು ತಿಂದಿತ್ತು ಅಷ್ಟೆ, ಅದು ನನ್ನ ಪುಣ್ಯ. ಆದರೆ ಆ ಹತ್ತು ದಿನಗಳಲ್ಲಿ ಪಟ್ಟಿ ಕಟ್ಟಬಹುದಿತ್ತು.

ನಿನ್ನ ಹೆದರಿಕೆಯನ್ನು ಓದಿದಾಗ ಇದು ನೆನಪಾಯಿತು. ಓದುವಾಗ ಗೊತ್ತಿದೆ ಅನ್ನಿಸುವುದಕ್ಕೂ ನಿಜಕ್ಕೂ ಗೊತ್ತಿರುವುದಕ್ಕೂ ಇರುವ ಅಂತರವನ್ನು ನೀನು ಎರಡನೆಯ ವರ್ಷದಲ್ಲಿಯೇ ಕಂಡಿದ್ದೀ. ಶಿರಸಿಯಿಂದ ಕಾರವಾರಕ್ಕೆ ಹೋಗುವಾಗ ದೇವಿಮನೆ ಘಟ್ಟದ ಒಂದೊಂದು ತಿರುವು ಬಂದಾಗಲೂ 'ಹೌದು, ಇದೇ' ಅನ್ನಿಸುತ್ತದೆ. ಮನೆಯಲ್ಲಿ ಕುಳಿತು ಆ ತಿರುವುಗಳನ್ನು ಸಾಲಾಗಿ ಬರೆ ಎಂದರೆ ನೂರು ಸಲ ಬಸ್ಸಿನಲ್ಲಿ ಹೋದವರಿಗೂ ಬರುವುದಿಲ್ಲ. ಬಣ್ಣದ ಪೆನ್ನಿನಿಂದ ಗೆರೆ ಎಳೆಯುತ್ತ ಅದೇ ಪುಟವನ್ನು ನಾಲ್ಕನೆಯ ಸಲ ಓದುವುದೂ ಹಾಗೆಯೇ. ಸಾಲು ಕಂಡಾಗ ಗುರುತು ಸಿಗುತ್ತದೆ, ಆ ಗುರುತನ್ನೇ ನಾವು ನೆನಪು ಎಂದು ನಂಬುತ್ತೇವೆ.

ಮೊದಲ ಇಂಟರ್ನಲ್ ಪರೀಕ್ಷೆಯ ಸ್ಪಾಟರ್‌ನಲ್ಲಿ, ದಾರ ಕಟ್ಟಿಟ್ಟ ಭಾಗಗಳನ್ನು ಗುರುತಿಸುವಲ್ಲಿ, ಹತ್ತಕ್ಕೆ ನಾಲ್ಕು ಮಾತ್ರ ಬಂದವು ಎಂದು ಬರೆದಿದ್ದೀ. ಅದರ ಕಾರಣವೂ ಇದೇ ಇರಬೇಕು. ಪುಸ್ತಕದ ಚಿತ್ರದಲ್ಲಿ ನರ ಹಳದಿ, ಅಪಧಮನಿ ಕೆಂಪು. ಟೇಬಲ್ಲಿನ ಮೇಲಿನ ದೇಹದಲ್ಲಿ ಎಲ್ಲವೂ ಒಂದೇ ಮಾಸಲು ಕಂದು, ದಾರ ಕಟ್ಟಿದ್ದು ನರಕ್ಕೋ ಸ್ನಾಯುರಜ್ಜುವಿಗೋ ನೋಡಿದ ಕೂಡಲೇ ತಿಳಿಯುವುದಿಲ್ಲ, ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಿನಲ್ಲಿಯೇ ಹಿಂಬಾಲಿಸಬೇಕು. ಗಂಟೆ ಹೊಡೆಯುವುದರೊಳಗೆ ಅದನ್ನು ಮಾಡಬೇಕಾದರೆ ಮೊದಲೇ ಹತ್ತಾರು ಸಲ ಬೆರಳಿನಿಂದ ಹಿಂಬಾಲಿಸಿರಬೇಕು.

ಉಪದೇಶ ಮಾಡುವ ಅರ್ಹತೆ ನನಗೆ ಎಷ್ಟಿದೆಯೋ ತಿಳಿಯದು, ಆದರೂ ನಾನು ತಡವಾಗಿ ಕಲಿತದ್ದನ್ನು ಬರೆಯುತ್ತೇನೆ. ಒಂದು ವಿಷಯ ಓದಿದ ಮೇಲೆ ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಅದನ್ನು ಬರೆ, ಚಿತ್ರ ಬಿಡಿಸು. ಮೊದಲ ಸಲ ಅರ್ಧವೂ ಬರುವುದಿಲ್ಲ. ಆಗ ಕೂಡಲೇ ಪುಸ್ತಕ ತೆರೆಯಬೇಡ, ಎರಡು ಮೂರು ನಿಮಿಷ ಹಾಗೆಯೇ ಒದ್ದಾಡು. ಆಮೇಲೆ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ತುಂಬು. ಮರುದಿನ ಹೊಸ ಹಾಳೆ, ಮೂರ್ನಾಲ್ಕು ದಿನ ಬಿಟ್ಟು ಇನ್ನೊಂದು, ಎರಡು ವಾರ ಬಿಟ್ಟು ಮತ್ತೊಂದು. ಹಾಳೆಯಿಂದ ಹಾಳೆಗೆ ಕೆಂಪು ಕಡಿಮೆಯಾಗುತ್ತಿದೆಯೋ ಇಲ್ಲವೋ ನೋಡಿದರೆ ನಿನ್ನ ಪ್ರಶ್ನೆಗೆ ಉತ್ತರ ಅಲ್ಲಿಯೇ ಇರುತ್ತದೆ, ಅಂಕಪಟ್ಟಿಗೆ ಕಾಯಬೇಕಾಗಿಲ್ಲ. ಇದು ನಿಧಾನದ ಕೆಲಸ. ಓದುತ್ತಿರುವ ಎಲ್ಲವನ್ನೂ ಹೀಗೆ ಮಾಡಲು ಸಮಯ ಸಾಲುವುದಿಲ್ಲ, ಹಾಗಾಗಿ ದಿನಕ್ಕೆ ಒಂದೋ ಎರಡೋ ಹಾಳೆ ಎಂದು ಇಟ್ಟುಕೊಂಡರೂ ಆಯಿತು. ಅಲ್ಲದೆ ಹಾಳೆಗೆ ಆಳವಿಲ್ಲ, ಯಾವುದರ ಕೆಳಗೆ ಯಾವುದಿದೆ ಎಂಬುದನ್ನು ಟೇಬಲ್ಲಿನಲ್ಲಿ ಕೈಯಿಂದಲೇ ಕಲಿಯಬೇಕು.

ಹೊಸ ಮಕ್ಕಳಿಗೆ ನೀನು ಒಂದು ಮಾತನ್ನು ಮಾತ್ರ ಹೇಳುವುದಾದರೆ, ಚಾಕು ಹಿಡಿಯುವ ಸರದಿಯನ್ನು ಯಾರೂ ಬಿಟ್ಟುಕೊಡಬಾರದು ಎಂದು ಹೇಳು. ಪ್ರತಿ ಟೇಬಲ್ಲಿನಲ್ಲಿಯೂ ನನ್ನಂಥ ಒಬ್ಬಳು ಹಿಂದೆ ನಿಂತಿರುತ್ತಾಳೆ, ಓದಿ ಹೇಳುತ್ತಿರುತ್ತಾಳೆ, ಅವಳಿಗೆ ಎಲ್ಲ ಗೊತ್ತು ಎಂದು ಉಳಿದವರು ಅಂದುಕೊಂಡಿರುತ್ತಾರೆ. ಅವಳನ್ನು ಮುಂದೆ ಕರೆಯಬೇಕು. ಇನ್ನೊಂದು ಚಿಕ್ಕ ಸಂಗತಿ, ಹೇಳಲು ಸಂಕೋಚವಾದರೆ ಬಿಟ್ಟುಬಿಡು. ಕುಳಿತಾಗ ಒತ್ತುವ ಎಲುಬಿಗೂ ತೊಡೆಯ ಹೊರಗಡೆ ಕೈಗೆ ಸಿಗುವ ಎಲುಬಿನ ಗಂಟಿಗೂ ನಡುವೆ, ಹೆಚ್ಚುಕಡಿಮೆ ಸರಿಮಧ್ಯದಲ್ಲಿ, ಆ ನರ ತೊಡೆಗೆ ಇಳಿಯುತ್ತದೆ. ಅವರವರು ತಮ್ಮ ಮೈಯ ಮೇಲೆಯೇ ಅದನ್ನು ಹುಡುಕಿ ನೋಡಿದರೆ ಮರೆಯುವುದಿಲ್ಲ. ಚಿಕ್ಕ ಮಕ್ಕಳಿಗೆ ಸೂಜಿಯನ್ನು ತೊಡೆಯ ಮುಂಭಾಗದ ಹೊರಮಗ್ಗುಲಿಗೆ ಏಕೆ ಹಾಕುತ್ತಾರೆ ಎಂಬುದೂ ಆಗ ತಾನಾಗಿಯೇ ತಿಳಿಯುತ್ತದೆ.

ಹತ್ತಕ್ಕೆ ನಾಲ್ಕು ಬಂದದ್ದನ್ನು ಹೇಳಿದರೆ ಹೊಸಬರು ನಗಬಹುದು ಎಂದು ಅಳುಕಿದ್ದೀ. ಇಬ್ಬರು ಮೂವರು ನಗಲೂಬಹುದು. ಆದರೆ ಆ ಸಾಲನ್ನೂ ಗೀಟು ಹಾಕಿದ ಇನ್ನೊಂದು ಸಾಲನ್ನೂ ಭಾಷಣದಲ್ಲಿ ಸೇರಿಸು ಎಂಬುದು ನನ್ನ ಆಸೆ. ನನ್ನ ಮೊದಲ ವರ್ಷದಲ್ಲಿ ಮೇಲಿನ ತರಗತಿಯ ಯಾರಾದರೊಬ್ಬರು ವೇದಿಕೆಯ ಮೇಲೆ ನಿಂತು, ಪುಸ್ತಕ ಮುಚ್ಚಿದರೆ ನನಗೂ ಬರುತ್ತಿರಲಿಲ್ಲ ಎಂದು ಹೇಳಿದ್ದರೆ, ನಾನು ಮ್ಯಾನುಯಲ್ಲನ್ನು ಬೇರೆಯವರ ಕೈಗೆ ಕೊಟ್ಟು ಮುಂದೆ ಬರುತ್ತಿದ್ದೆನೋ ಏನೋ. ಬರದ್ದನ್ನು ಬರುವುದಿಲ್ಲ ಎನ್ನುವುದು ಟೇಬಲ್ಲಿನಲ್ಲಿ ನನಗೆ ಅಭ್ಯಾಸವಾಗಿದ್ದರೆ ಆ ಆಯಿಗೆ ಮೊದಲ ದಿನವೇ ನಿಜ ಹೇಳುತ್ತಿದ್ದೆ ಎಂದೂ ಒಮ್ಮೊಮ್ಮೆ ಅನ್ನಿಸುತ್ತದೆ.

ನಿನ್ನೆ ರಾತ್ರಿ ಊಟವಾದ ಮೇಲೆ ನಾನೂ ಒಂದು ಖಾಲಿ ಹಾಳೆ ತೆಗೆದುಕೊಂಡು ಸಯಾಟಿಕ್ ನರವನ್ನು ಪುಸ್ತಕ ನೋಡದೆ ಬಿಡಿಸಿದೆ. ನರದ ದಾರಿ ಸರಿಯಾಗಿ ಬಂತು. ಬೇರುಗಳಲ್ಲಿ ಒಂದು ಬಿಟ್ಟುಹೋಗಿತ್ತು, ತೊಡೆಯ ಹಿಂಭಾಗದ ಒಂದು ಸ್ನಾಯುವಿನ ಹೆಸರೂ ನೆನಪಾಗಲಿಲ್ಲ. ಕೆಂಪು ಶಾಯಿಯಲ್ಲಿ ತುಂಬಿದ್ದೇನೆ. ಆ ಹಾಳೆಯನ್ನು ಈ ಪತ್ರದ ಜೊತೆಗೆ ಇಟ್ಟಿದ್ದೇನೆ, ಬೇಕಾದರೆ ಹೊಸ ಮಕ್ಕಳಿಗೆ ತೋರಿಸು.

ಇತಿ,
ನಿನ್ನ ಅತ್ತೆ