ಬೀಗದ ಕೈ ಕೊಡುವ ಮೊದಲು ಒಂದು ಪತ್ರ ಬರೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅತ್ತಿದ್ದು ಕೇಳಿ ನಿಮ್ಮತ್ತೆಗೆ ರಾತ್ರಿ ನಿದ್ದೆಯೇ ಬರಲಿಲ್ಲ. ನನಗೂ ಬರಲಿಲ್ಲ, ಆದರೆ ನಾನು ಎದ್ದು ಕೂತು ನೀನು ಕಳಿಸಿದ ಕರಾರು ಪತ್ರವನ್ನು ಎರಡು ಸಲ ಓದಿದೆ. ಎಸ್.ಎಸ್. ಪುರಂನ ಆ ಬೊಟಿಕ್ ಬಿಡಬೇಕು ಅನ್ನೋ ನಿರ್ಧಾರ ಸರಿಯೋ ತಪ್ಪೋ ಅದು ನಿನ್ನದು, ನಾನು ಅದಕ್ಕೆ ತಲೆ ಹಾಕಲ್ಲ. ಹೇಗೆ ಬಿಡಬೇಕು ಅನ್ನೋದಷ್ಟೇ ಈ ಪತ್ರ.

ಲೆಕ್ಕ ಮೊದಲು. ತಿಂಗಳಿಗೆ 24,000 ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್ 2,40,000. ಮೂರು ವರ್ಷ ಲಾಕ್-ಇನ್, ಅಂದರೆ ಅಷ್ಟು ದಿನ ಮಳಿಗೆ ಬಿಡುವಂತಿಲ್ಲ ಅನ್ನೋ ಷರತ್ತು, ಅದರಲ್ಲಿ 15 ತಿಂಗಳು ಕಳೆದಿದೆ, ಉಳಿದದ್ದು 21. ಓನರ್ ಹೇಳುತ್ತಿರುವ 5,04,000 ಅಂದರೆ ಆ 21 ತಿಂಗಳ ಬಾಡಿಗೆ. ಅಡ್ವಾನ್ಸ್ ಪೂರ್ತಿ ಮುರಿದುಕೊಂಡು ಮೇಲೆ 2,64,000 ಕೇಳುತ್ತೇನೆ ಅಂತ ಅವರು ಗದರಿಸಿದ್ದಕ್ಕೆ ನೀನು ಹೆದರಿದ್ದೀಯ.

ನಿನ್ನ ಗೆಳತಿ ಹೇಳಿದ "ಪೇಪರ್ ಕೋರ್ಟಿನಲ್ಲಿ ನಿಲ್ಲಲ್ಲ" ಅನ್ನೋ ಮಾತು ಮರೆತುಬಿಡು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರು ರಿಜಿಸ್ಟರ್ ಆಗಿರಲೇಬೇಕು, ಆಗಿಲ್ಲದಿದ್ದರೆ ಅದರ ಷರತ್ತುಗಳನ್ನು ಜಾರಿ ಮಾಡಿಸೋದು ಮಾಲೀಕರಿಗೇ ಕಷ್ಟ, ಅದು ನಿಜ. ಆದರೆ ನಿನ್ನದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಆಗಿರೋ ಕರಾರು, ಸೀಲು ನಾನೇ ನೋಡಿದೆ. ಆ ಬಾಗಿಲು ನಿನಗೆ ಮುಚ್ಚಿದೆ. ವ್ಯಾಪಾರ ಇಲ್ಲ ಅನ್ನೋದೂ ಕಾನೂನಿನ ಕಾರಣ ಅಲ್ಲ. ಅದನ್ನು ಪತ್ರದಲ್ಲಿ ಒಂದೇ ಸಲ, ಒಂದೇ ಸಾಲಿನಲ್ಲಿ ಹೇಳು, ಗೋಳು ತೋಡಿಕೊಳ್ಳಬೇಡ.

ಹಾಗಂತ 5,04,000 ಅವರ ಹಕ್ಕು ಅಂತ ಅಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕರಾರು ಮುರಿದರೆ ಇಷ್ಟು ಕೊಡಬೇಕು ಅಂತ ಅದರಲ್ಲಿ ಬರೆದ ಮೊತ್ತ ಮೇಲ್ಮಿತಿ ಅಷ್ಟೇ, ಕೋರ್ಟು ಕೊಡಿಸೋದು ನ್ಯಾಯವಾದ ಪರಿಹಾರ. 2015ರಲ್ಲಿ ಸುಪ್ರೀಂ ಕೋರ್ಟು ಕೈಲಾಶ್ ನಾಥ್ ಕೇಸಿನಲ್ಲಿ, ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ ಅನ್ನೋ ಅರ್ಥದಲ್ಲಿ ಹೇಳಿತು. ಅದು ಅಂಗಡಿ ಬಾಡಿಗೆ ಕೇಸಲ್ಲ, ಪ್ಲಾಟ್ ಹರಾಜಿನ ಠೇವಣಿ ಕೇಸು, ಆದರೆ ಕಲಂ ಅದೇ. ನೀನು ಬಿಟ್ಟ ಮೂರನೇ ತಿಂಗಳಿಗೆ ಬೇರೆಯವರು ಶಟರ್ ಎತ್ತಿದರೆ ಅವರಿಗೆ 21 ತಿಂಗಳ ನಷ್ಟ ಎಲ್ಲಿಂದ ಬರುತ್ತೆ? ನಷ್ಟ ತಗ್ಗಿಸೋಕೆ ಅವರಿಗೆ ಏನು ದಾರಿ ಇತ್ತು ಅನ್ನೋದನ್ನೂ ಕೋರ್ಟು ನೋಡುತ್ತೆ, 73ನೇ ಕಲಂನಲ್ಲಿ ಅದಿದೆ. ಆದರೆ ಕೆಲವು ಕೋರ್ಟುಗಳು ಲಾಕ್-ಇನ್ ಅನ್ನು ಗಟ್ಟಿಯಾಗಿಯೇ ಎತ್ತಿಹಿಡಿದಿವೆ, ಅದಕ್ಕೇ ಕೋರ್ಟಿಗೆ ಹೋಗದೆ ಮುಗಿಸು ಅನ್ನೋದು. ಅವರಿಗೂ ಕೇಸು ಅಂದರೆ ವರ್ಷಗಳು, ವಕೀಲರ ಫೀಸು.

ಈಗ ಅವರ ನಿಜವಾದ ನಷ್ಟ ಏನು ಅಂತ ಅವರ ಕಡೆಯಿಂದ ಯೋಚಿಸು. ಮಳಿಗೆ ಖಾಲಿ ಬೀಳೋ ಎರಡು ಮೂರು ತಿಂಗಳು. ಬ್ರೋಕರ್ ಕಮಿಷನ್. ಸುಣ್ಣ ಬಣ್ಣ. ಜೊತೆಗೆ, ನೀನು ಒಳಗೆ ಕೆಲಸ ಮಾಡಿಸಿಕೊಳ್ಳಲಿ ಅಂತ ಅವರು ಮೊದಲ ತಿಂಗಳ ಬಾಡಿಗೆ ಬಿಟ್ಟಿದ್ದರಲ್ವಾ, ಅದನ್ನು ನೀನು ಮರೆತರೂ ಅವರು ಮರೆತಿರಲ್ಲ. ಇವೆಲ್ಲ ಒಟ್ಟಿಗೆ ಕೂಡಿಸಿದರೂ ಅದು ಐದು ಲಕ್ಷದ ಹತ್ತಿರ ಬರಲ್ಲ. ಈ ಲೆಕ್ಕವನ್ನೇ ಪತ್ರದಲ್ಲಿ ಇಡು, ಕಾನೂನಿನ ಕಲಂಗಳನ್ನು ಮೊದಲ ಪತ್ರದಲ್ಲಿ ಹಾಕಬೇಡ. ವಕೀಲರ ನೋಟಿಸಿನ ವಾಸನೆ ಬಂದರೆ ಆ ಮನುಷ್ಯ ಸೆಟೆದುಕೊಳ್ಳುತ್ತಾರೆ.

ಪತ್ರ ಹೀಗೆ ಶುರುವಾಗಲಿ: "ಈ ಪತ್ರ ರಾಜಿ ಮಾತುಕತೆಗಾಗಿ ಮಾತ್ರ, ನನ್ನ ಯಾವ ಹಕ್ಕಿಗೂ ಬಾಧಕವಿಲ್ಲದಂತೆ ಬರೆದದ್ದು, ಇದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ." ವಕೀಲರು ವಿತೌಟ್ ಪ್ರಿಜುಡೀಸ್ ಅನ್ನುತ್ತಾರಲ್ಲ, ಅದೇ ಇದು. ಇದಿಲ್ಲದೆ ನೀನು "ಇಷ್ಟು ಕೊಡುತ್ತೇನೆ" ಅಂದರೆ ನಾಳೆ ಮಾತು ಮುರಿದಾಗ, ಅಷ್ಟು ಸಾಲ ಇದೆ ಅಂತ ಅವಳೇ ಒಪ್ಪಿದ್ದಾಳೆ ಅಂತ ತೋರಿಸಬಹುದು. ಆಮೇಲೆ ನಿನ್ನ ಆಫರ್: ಇವತ್ತಿನಿಂದ ಎರಡು ತಿಂಗಳು ಬಾಡಿಗೆ ಕಟ್ಟಿಕೊಂಡೇ ಇರುತ್ತೇನೆ. ಆ ಎರಡು ತಿಂಗಳೂ ಮಳಿಗೆ ನೋಡೋಕೆ ಬರುವವರಿಗೆ ತೋರಿಸುತ್ತೇನೆ, ನಾನೂ ಜನ ಹುಡುಕುತ್ತೇನೆ. ಬಿಡುವ ದಿನ ಅದರ ಮೇಲೆ ಇನ್ನೂ ಎರಡು ತಿಂಗಳ ಬಾಡಿಗೆ 48,000 ಮತ್ತು ಪೇಂಟಿಂಗ್‌ಗೆ 12,000 ಅಡ್ವಾನ್ಸ್‌ನಲ್ಲಿ ಮುರಿದುಕೊಂಡು 1,80,000 ವಾಪಸ್ ಕೊಡಿ. ಉತ್ತರಕ್ಕೆ ಹದಿನೈದು ದಿನ ಅಂತ ತಾರೀಕು ಹಾಕು.

ಅವರು ನಾಲ್ಕು ತಿಂಗಳದು ಮುರಿಯುತ್ತೇನೆ ಅನ್ನುತ್ತಾರೆ, ಬರೆದಿಟ್ಟುಕೋ. ಆಗ ಮೂರಕ್ಕೆ ಏರು, ಅಂದರೆ 72,000, ಆದರೆ ಒಂದು ಷರತ್ತಿನ ಮೇಲೆ: ನೀನು ಬಿಟ್ಟ ಎರಡು ತಿಂಗಳೊಳಗೆ ಹೊಸ ಬಾಡಿಗೆದಾರ ಬಂದರೆ 24,000 ನಿನಗೆ ತಿರುಗಿ ಬರಬೇಕು. ಮಳಿಗೆ ಬೇಗ ಹೋದರೆ ಅವರಿಗೆ ನಷ್ಟವಿಲ್ಲ, ಹೋಗದಿದ್ದರೆ ನೀನು ಹೊರುತ್ತೀಯ. ಅದಕ್ಕಿಂತ ಮೇಲೆ ಹೋಗೋ ಮೊದಲು ನನ್ನನ್ನು ಕೇಳು.

ಪತ್ರ ವಾಟ್ಸಾಪ್‌ನಲ್ಲೂ ಕಳಿಸು, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸು, ಪೋಸ್ಟಿನ ರಸೀದಿ ಫೈಲಿನಲ್ಲಿ ಇಡು. ಅವರು ಫೋನ್ ಮಾಡಿ ಮಾತಾಡುವವರು, ಮಾತಾಡಲಿ. ಫೋನ್ ಇಟ್ಟ ತಕ್ಷಣ "ಸರ್, ಈಗ ಮಾತಾಡಿದಂತೆ ಮೂರು ತಿಂಗಳು ಮುರಿದು ಉಳಿದದ್ದು ಕೊಡುವುದಾಗಿ ಹೇಳಿದಿರಿ, ತಪ್ಪಿದ್ದರೆ ತಿಳಿಸಿ" ಅಂತ ಒಂದು ಮೆಸೇಜ್ ಹಾಕು. ನಾನು ಕ್ಯಾತ್ಸಂದ್ರದಲ್ಲಿ ಹಾರ್ಡ್‌ವೇರ್ ಅಂಗಡಿ ಬಿಟ್ಟಾಗ ಮಾಲೀಕರು ಬೆನ್ನು ತಟ್ಟಿ "ಹೋಗಪ್ಪ, ಸಂಕ್ರಾಂತಿಗೆ ಅಡ್ವಾನ್ಸ್ ತಗೋ" ಅಂದರು. ಸಂಕ್ರಾಂತಿ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು, ಅವರ ಮಗ "ಯಾವ ಅಡ್ವಾನ್ಸ್?" ಅಂದ. ನಿಮ್ಮತ್ತೆ ಇವತ್ತಿಗೂ ಆ ರಸ್ತೆಯಲ್ಲಿ ತಟ್ಟೆ ಇಡ್ಲಿ ತಿನ್ನೋಕೆ ನಿಲ್ಲಲ್ಲ.

ಇನ್ನೊಂದು ತಪ್ಪು ಮಾತ್ರ ಮಾಡಬೇಡ. "ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳಿ" ಅಂತ ಬಾಡಿಗೆ ನಿಲ್ಲಿಸಬೇಡ. ಇವತ್ತಿನವರೆಗೆ ನಿನ್ನ ಕೈಯಲ್ಲಿರೋ ಬಲ ಅಂದರೆ ಒಂದು ತಿಂಗಳೂ ಬಾಕಿ ಇಲ್ಲ ಅನ್ನೋದು. ನಿಲ್ಲಿಸಿದ ದಿನ ಮಾತುಕತೆ ಲಾಕ್-ಇನ್ ಬಿಟ್ಟು ನಿನ್ನ ಬಾಕಿಯ ಮೇಲೆ ತಿರುಗುತ್ತೆ.

ಒಪ್ಪಿಕೊಂಡರೆ ಇ-ಸ್ಟಾಂಪ್ ಪೇಪರ್ ಮೇಲೆ ಕರಾರು ರದ್ದತಿ ಪತ್ರ ಬರೆಸು. ಮೂಲ ಕರಾರು ರಿಜಿಸ್ಟರ್ ಆಗಿರೋದರಿಂದ ಇದನ್ನೂ ರಿಜಿಸ್ಟರ್ ಮಾಡಿಸು, ಖರ್ಚಿಗೆ ಹಿಂಜರಿಯಬೇಡ. ಅದರಲ್ಲಿ ಇರಲೇಬೇಕಾದ ಸಾಲು: "ಲಾಕ್-ಇನ್‌ನ ಉಳಿದ ಅವಧಿಗೆ ಸಂಬಂಧಿಸಿ ಬಾಡಿಗೆದಾರರಿಂದ ಯಾವ ಬಾಕಿಯೂ ಇರುವುದಿಲ್ಲ." ಈ ಸಾಲಿಲ್ಲದೆ ಬರೀ "ಮಳಿಗೆ ಬಿಟ್ಟುಕೊಟ್ಟರು" ಅಂತ ಬರೆದರೆ ಆಮೇಲೆ ಮತ್ತೆ ಕ್ಲೇಮು ಬರಬಹುದು. ದುಡ್ಡು ನಿನ್ನ ಅಕೌಂಟಿಗೆ ಬಂದ ಮೆಸೇಜ್ ನೋಡಿದ ಮೇಲೆಯೇ ಬೀಗದ ಕೈ. ಮುಂದಿನ ತಾರೀಕಿನ ಚೆಕ್ ತಗೋಬೇಡ.

ಒಪ್ಪದೇ ಇದ್ದರೆ, ಬೀಗದ ಕೈ ತೆಗೆದುಕೊಳ್ಳೋಕೂ ಆಟ ಆಡಿಸಿದರೆ, ಆಗ ವಕೀಲರ ಹತ್ತಿರ ಹೋಗೋಣ. ಅಲ್ಲಿವರೆಗೆ ಖಾಲಿ ಮಳಿಗೆಯ ವಿಡಿಯೋ, ಬೆಸ್ಕಾಂ ಮೀಟರ್ ರೀಡಿಂಗ್ ಫೋಟೋ, ಆರ್‌ಆರ್ ನಂಬರ್ ಕಾಣೋ ಹಾಗೆ ಕೊನೆಯ ಬಿಲ್ಲು ಕಟ್ಟಿದ ರಸೀದಿ, ಎಲ್ಲ ಜೋಡಿಸಿ ಇಟ್ಟುಕೋ. ಬೀಗದ ಕೈ ತಗೊಳ್ಳಿ ಅಂತ ತಾರೀಕು, ಹೊತ್ತು ಹೇಳಿ ಬರೆದು ಕಳಿಸೋದೂ ಮುಖ್ಯ, ಏನು ಕೊಡೋಕೆ ಹೋದೆ, ಯಾವತ್ತು ಹೋದೆ ಅಂತ ದಾಖಲೆ ಇರಬೇಕು.

ಪತ್ರದ ಕರಡು ಬರೆದು ಮೊದಲು ನನಗೆ ಕಳಿಸು, ಅವರಿಗೆ ಅಲ್ಲ. ಭಾನುವಾರ ಬರುತ್ತೇನೆ, ಮಧ್ಯಾಹ್ನ ಊಟ ಮಾಡಬೇಡ, ನಿಮ್ಮತ್ತೆ ಡಬ್ಬಿ ಕಟ್ಟುತ್ತಾಳೆ.

ನಿನ್ನ ಮಾವ